ಆರು ಫ್ಲ್ಯಾಟು, ಮೂರು ಲೆಕ್ಕ

ಸರ್ಜಾಪುರ ರಸ್ತೆಯಲ್ಲೋ, ವೈಟ್‌ಫೀಲ್ಡ್ ದಾಟಿ ಹೊಸಕೋಟೆಯ ಕಡೆಗೋ ಏಳುತ್ತಿರುವ ಹೊಸ ಅಪಾರ್ಟ್‌ಮೆಂಟುಗಳನ್ನು ಮಾರಿಕೊಡುವವರಲ್ಲಿ ಬಹಳ ಜನ ಬಿಲ್ಡರ್‌ನ ಸಂಬಳದ ನೌಕರರಲ್ಲ. ಅವರು ಹೊರಗಿನ ಏಜೆಂಟರು. ಬಿಲ್ಡರ್ ಆಫೀಸಿನಲ್ಲಿ ಅವರನ್ನು ಚಾನೆಲ್ ಪಾರ್ಟ್‌ನರ್ ಅಥವಾ ಚಿಕ್ಕದಾಗಿ ಸಿಪಿ ಎನ್ನುತ್ತಾರೆ, ಹೊರಗೆ ಜನ ಬ್ರೋಕರ್ ಎನ್ನುತ್ತಾರೆ. ಹಳೆಯ ಮನೆಯ ಮಾರಾಟದಲ್ಲಿ ಬ್ರೋಕರ್ ಕೊಳ್ಳುವವರಿಂದಲೂ ಮಾರುವವರಿಂದಲೂ ಕಮಿಷನ್ ತೆಗೆದುಕೊಳ್ಳುವುದು ವಾಡಿಕೆ. ಹೊಸ ಫ್ಲ್ಯಾಟಿನಲ್ಲಿ ಸಾಮಾನ್ಯವಾಗಿ ಕೊಡುವವನು ಬಿಲ್ಡರ್ ಒಬ್ಬನೇ. ಅವನು ಕೊಡುವ ದರವೂ ಒಂದೇ ಇರುವುದಿಲ್ಲ. ಹೆಚ್ಚು ಮಾರಿದಷ್ಟೂ ದರ ಏರುತ್ತದೆ. ಇದಕ್ಕೆ ಸ್ಲ್ಯಾಬ್ ಎನ್ನುತ್ತಾರೆ.

ಸ್ಲ್ಯಾಬಿನ ವಿವರ ಏಜೆಂಟರಿಗೆ ಹೆಚ್ಚಾಗಿ ವಾಟ್ಸಾಪ್‌ನಲ್ಲಿ ಬರುತ್ತದೆ. ಬಣ್ಣದ ಪೋಸ್ಟರು, ಅದರಲ್ಲಿ ಮೂರು ಸಾಲು. ಮೂರು ತಿಂಗಳಲ್ಲಿ 3 ಕೋಟಿಯವರೆಗಿನ ಮಾರಾಟಕ್ಕೆ ಶೇ 2, 3ರಿಂದ 6 ಕೋಟಿಗೆ ಶೇ 2.5, 6 ಕೋಟಿ ಮೀರಿದರೆ ಶೇ 3. ಓದಿದರೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ ಅನಿಸುತ್ತದೆ. ಆದರೆ ಈ ಮೂರು ಸಾಲಿಗೆ ಮೂರು ಬಗೆಯ ಲೆಕ್ಕ ಇದೆ, ಒಂದೊಂದರಲ್ಲೂ ಬರುವ ಹಣ ಬೇರೆ. ಮೂರು ತಿಂಗಳು ಬಿಸಿಲಲ್ಲಿ ಸೈಟ್ ತೋರಿಸಿ ಅಲೆದ ಏಜೆಂಟನಿಗೆ ಆ ವ್ಯತ್ಯಾಸ ಗೊತ್ತಾಗುವುದು ಬಿಲ್ ಕೊಟ್ಟ ಮೇಲೆ. ಅಷ್ಟರಲ್ಲಿ ವಾದ ಮಾಡಲು ಅವನ ಕೈಯಲ್ಲಿ ಆ ಪೋಸ್ಟರ್ ಬಿಟ್ಟು ಬೇರೇನೂ ಇರುವುದಿಲ್ಲ.

ಒಂದು ಲೆಕ್ಕವನ್ನು ಪೂರ್ತಿ ಬಿಡಿಸಿ ನೋಡೋಣ. ಇಲ್ಲಿನ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು, ಲೆಕ್ಕದ ರೀತಿ ಮಾತ್ರ ಮಾರುಕಟ್ಟೆಯದೇ. ಮೇಲಿನ ಸ್ಲ್ಯಾಬಿನಲ್ಲಿ ಒಬ್ಬ ಏಜೆಂಟ್ ಆರು ಫ್ಲ್ಯಾಟು ಮಾರಿದ್ದಾನೆ ಎಂದುಕೊಳ್ಳಿ. ಮಾರಿದ ಕ್ರಮದಲ್ಲೇ ಬೆಲೆಗಳು ಹೀಗಿವೆ: 80 ಲಕ್ಷ, 1.10 ಕೋಟಿ, 95 ಲಕ್ಷ, 1.25 ಕೋಟಿ, 1.40 ಕೋಟಿ, 90 ಲಕ್ಷ. ಒಟ್ಟು 6.40 ಕೋಟಿ.

ಮೊದಲನೆಯ ರೀತಿ ಆದಾಯ ತೆರಿಗೆಯ ಸ್ಲ್ಯಾಬಿನಂತೆ. ಸಂಬಳ ಮೇಲಿನ ಹಂತಕ್ಕೆ ಹೋದರೆ ಹೆಚ್ಚಿನ ದರದ ತೆರಿಗೆ ಬೀಳುವುದು ಆ ಹಂತದೊಳಗೆ ಬಂದ ಹಣದ ಮೇಲೆ ಮಾತ್ರ, ಇಡೀ ಸಂಬಳದ ಮೇಲಲ್ಲ. ಇಲ್ಲಿಯೂ ಹಾಗೆಯೇ. ಮೊದಲ 3 ಕೋಟಿಗೆ ಶೇ 2ರಂತೆ 6 ಲಕ್ಷ, ಮುಂದಿನ 3 ಕೋಟಿಗೆ ಶೇ 2.5ರಂತೆ 7.50 ಲಕ್ಷ, ಉಳಿದ 40 ಲಕ್ಷಕ್ಕೆ ಶೇ 3ರಂತೆ 1.20 ಲಕ್ಷ. ಒಟ್ಟು 14.70 ಲಕ್ಷ ರೂಪಾಯಿ. ಪೋಸ್ಟರಿನಲ್ಲಿ ಕಣ್ಣಿಗೆ ಹೊಡೆಯುವುದು ಶೇ 3, ಸರಾಸರಿ ಸಿಕ್ಕಿದ್ದು ಶೇ 2.3ರಷ್ಟು.

ಎರಡನೆಯ ರೀತಿಯಲ್ಲಿ ಏಜೆಂಟ್ ಕೊನೆಗೆ ಯಾವ ಹಂತ ಮುಟ್ಟಿದನೋ ಆ ದರ ಮೊದಲ ಫ್ಲ್ಯಾಟಿನಿಂದಲೇ ಅನ್ವಯ. ಇಡೀ 6.40 ಕೋಟಿಗೆ ಶೇ 3, ಅಂದರೆ 19.20 ಲಕ್ಷ. ಮೊದಮೊದಲ ಫ್ಲ್ಯಾಟುಗಳಿಗೆ ಕಡಿಮೆ ದರದಲ್ಲಿ ಹಣ ಆಗಲೇ ಬಂದಿದ್ದರೆ ಅವಧಿಯ ಕೊನೆಯಲ್ಲಿ ಉಳಿದ ವ್ಯತ್ಯಾಸವನ್ನು ಸೇರಿಸಿ ಕೊಡಬೇಕಾಗುತ್ತದೆ.

ಮೂರನೆಯದು ಇವೆರಡರ ನಡುವಿನದು. ಒಂದೊಂದು ಡೀಲೂ ಯಾವ ಹಂತದಲ್ಲಿ ಮುಗಿಯಿತೋ ಆ ಹಂತದ ದರ ಆ ಇಡೀ ಡೀಲಿಗೆ. ಹಿಂದಿನವು ಮೊದಲಿದ್ದ ಹಾಗೆಯೇ ಉಳಿಯುತ್ತವೆ. ಮೊದಲ ಮೂರು ಫ್ಲ್ಯಾಟು ಸೇರಿ 2.85 ಕೋಟಿ, ಅವಕ್ಕೆ ಶೇ 2. ನಾಲ್ಕನೆಯದು 3 ಕೋಟಿಯ ಗಡಿ ದಾಟಿಸಿತು, ಹಾಗಾಗಿ ಅದಕ್ಕೂ ಐದನೆಯದಕ್ಕೂ ಶೇ 2.5. ಆರನೆಯದಕ್ಕೆ ಶೇ 3. ಕೂಡಿದರೆ 15 ಲಕ್ಷದ 2,500 ರೂಪಾಯಿ.

ಅದೇ ಪೋಸ್ಟರು, ಅವೇ ಆರು ಫ್ಲ್ಯಾಟು, ಆದರೂ ಮೊದಲನೆಯ ರೀತಿಗೂ ಎರಡನೆಯದಕ್ಕೂ ನಡುವೆ 4.50 ಲಕ್ಷ ರೂಪಾಯಿ ಅಂತರ. ಬಿಲ್ಡರ್‌ನ ಅಕೌಂಟ್ಸ್ ವಿಭಾಗ ಮೊದಲನೆಯ ರೀತಿ ಹಿಡಿಯುತ್ತದೆ, ಏಜೆಂಟ್ ಎರಡನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ದುಡಿದಿರುತ್ತಾನೆ. ಸೇಲ್ಸ್ ಮ್ಯಾನೇಜರ್ ಬಾಯಲ್ಲಿ ‘ಮೊದಲ ಫ್ಲ್ಯಾಟಿನಿಂದಲೇ ಕೊಡ್ತೀವಿ ಬಿಡಿ ಸಾರ್’ ಅಂದಿರುತ್ತಾನೆ, ಬಿಲ್ ಪಾಸ್ ಮಾಡುವ ಹೊತ್ತಿಗೆ ಅವನು ಬೇರೆ ಕಂಪನಿಗೆ ಹೋಗಿರುತ್ತಾನೆ. ಈ ಜಗಳಗಳಲ್ಲಿ ಬಹುಪಾಲು ಮೋಸದಿಂದ ಹುಟ್ಟಿದವಲ್ಲ ಎಂಬುದು ನನ್ನ ಅಭಿಪ್ರಾಯ. ಯಾವ ರೀತಿಯ ಲೆಕ್ಕ ಎಂದು ಯಾರೂ ಬರೆದಿಡದೆ ಹೋದದ್ದರಿಂದ ಹುಟ್ಟಿದವು.

ಮೊದಲನೆಯ ರೀತಿಯ ಲೆಕ್ಕವನ್ನು ಬಾಯಲ್ಲೇ ಮಾಡಲು ಒಂದು ಸುಲಭದ ದಾರಿ ಇದೆ. ಇಡೀ ಮೊತ್ತಕ್ಕೆ ಕೆಳಗಿನ ದರ ಹಾಕಿ, ಆಮೇಲೆ ಒಂದೊಂದು ಗಡಿ ಮೀರಿದ ಹಣಕ್ಕೆ ಹೆಚ್ಚಾದ ದರವನ್ನು ಮಾತ್ರ ಸೇರಿಸುತ್ತಾ ಹೋಗಿ. 6.40 ಕೋಟಿಗೆ ಶೇ 2 ಅಂದರೆ 12.80 ಲಕ್ಷ. 3 ಕೋಟಿ ಮೀರಿದ 3.40 ಕೋಟಿಗೆ ಅರ್ಧ ಪರ್ಸೆಂಟ್, 1.70 ಲಕ್ಷ. 6 ಕೋಟಿ ಮೀರಿದ 40 ಲಕ್ಷಕ್ಕೆ ಮತ್ತೆ ಅರ್ಧ ಪರ್ಸೆಂಟ್, 20 ಸಾವಿರ. ಕೂಡಿದರೆ ಅದೇ 14.70 ಲಕ್ಷ. ಬಿಲ್ ಬರೆಯುವ ಮುನ್ನ ಈ ಎರಡನೇ ದಾರಿಯಲ್ಲೂ ಒಮ್ಮೆ ತಾಳೆ ನೋಡಿದರೆ ತಪ್ಪು ಅಲ್ಲೇ ಸಿಗುತ್ತದೆ.

ಎರಡನೆಯ ರೀತಿ ಏಜೆಂಟನಿಗೆ ಲಾಭದ್ದು, ಆದ್ದರಿಂದ ಅದನ್ನೇ ಕೇಳಬೇಕು ಎನ್ನುವವರಿದ್ದಾರೆ. ಆದರೆ ಆ ರೀತಿಯ ಲೆಕ್ಕ ಮನುಷ್ಯನ ನಡವಳಿಕೆಯನ್ನೇ ಬದಲಿಸುತ್ತದೆ, ಮನೆ ಕೊಳ್ಳುವವರು ಗಮನಿಸಬೇಕಾದದ್ದು ಇದನ್ನು. ಐದು ಫ್ಲ್ಯಾಟು ಮಾರಿದಾಗ ಏಜೆಂಟನ ಒಟ್ಟು 5.50 ಕೋಟಿ ಆಗಿತ್ತು, ಅದಕ್ಕೆ ಶೇ 2.5ರಂತೆ 13.75 ಲಕ್ಷ. ಆರನೆಯ ಫ್ಲ್ಯಾಟು ಮಾರಿದೊಡನೆ ಅದು 19.20 ಲಕ್ಷಕ್ಕೆ ಜಿಗಿಯಿತು. ಅಂದರೆ 90 ಲಕ್ಷದ ಆ ಒಂದು ಫ್ಲ್ಯಾಟು ಅವನಿಗೆ 5.45 ಲಕ್ಷ ತಂದಿತು, ಅದರ ಬೆಲೆಯ ಶೇ 6ಕ್ಕೂ ಹೆಚ್ಚು. ಮೊದಲನೆಯ ರೀತಿಯಲ್ಲಿ ಅದೇ ಫ್ಲ್ಯಾಟಿಗೆ ಬರುತ್ತಿದ್ದದ್ದು 2.45 ಲಕ್ಷ.

ಮೂರು ತಿಂಗಳು ಮುಗಿಯಲು ನಾಲ್ಕು ದಿನ ಇದ್ದು ಗಡಿ ದಾಟಲು ಒಂದೇ ಫ್ಲ್ಯಾಟು ಬೇಕಿದ್ದರೆ, ಆಗ ಸಿಕ್ಕ ಗಿರಾಕಿಯ ಮೇಲೆ ಎಷ್ಟು ಒತ್ತಡ ಬೀಳಬಹುದು ಎಂದು ಯೋಚಿಸಿ. ‘ನಾಳೆ ರೇಟ್ ಏರುತ್ತೆ, ಇವತ್ತೇ ಟೋಕನ್ ಕೊಡಿ’ ಎಂಬ ಮಾತಿನ ಹಿಂದೆ ಕೆಲವೊಮ್ಮೆ ನಿಜವಾಗಿಯೂ ಏರುವ ರೇಟ್ ಇರುತ್ತದೆ, ಕೆಲವೊಮ್ಮೆ ಏಜೆಂಟನ ಸ್ಲ್ಯಾಬು ಇರುತ್ತದೆ. ನಿಮಗೆ ಇನ್ನೊಂದು ಪ್ರಾಜೆಕ್ಟು ಹೆಚ್ಚು ಹೊಂದುವಂತಿದ್ದರೂ ಅವನು ಈ ಪ್ರಾಜೆಕ್ಟಿಗೇ ಎಳೆಯಲು ಕಾರಣ ಇದೆ. 2016ರ ರೇರಾ ಕಾಯ್ದೆ ಕಮಿಷನ್ ಇಷ್ಟೇ ಇರಬೇಕು ಎಂದು ಎಲ್ಲೂ ಮಿತಿ ಹಾಕಿಲ್ಲ. ಆದರೆ ಅದರ 10ನೇ ಸೆಕ್ಷನ್ ಪ್ರಕಾರ ಏಜೆಂಟ್ ನೋಂದಣಿ ಆಗದ ಪ್ರಾಜೆಕ್ಟನ್ನು ಮಾರುವಂತಿಲ್ಲ, ಇಲ್ಲದ ಸೌಲಭ್ಯ ಇದೆ ಎಂದು ಸುಳ್ಳು ಹೇಳುವಂತಿಲ್ಲ, ಬುಕಿಂಗ್ ಹೊತ್ತಿಗೆ ಗಿರಾಕಿಗೆ ಸಿಗಬೇಕಾದ ದಾಖಲೆಗಳನ್ನು ಒದಗಿಸಲೇಬೇಕು.

ಇಂಥ ಕೊನೆಯ ವಾರದಲ್ಲಿ ಕೆಲವು ಏಜೆಂಟರು ತಮ್ಮ ಕಮಿಷನ್ನಿನಲ್ಲಿ ಒಂದು ಲಕ್ಷವನ್ನೋ ಒಂದೂವರೆ ಲಕ್ಷವನ್ನೋ ಗಿರಾಕಿಗೆ ಬಿಟ್ಟುಕೊಡುವುದಾಗಿ ಹೇಳುತ್ತಾರೆ. ಹಾಗೆ ಬಂದರೆ ಅದನ್ನು ಕೈಗೆ ನಗದಾಗಿ ಪಡೆಯಬೇಡಿ. ಫ್ಲ್ಯಾಟಿನ ಬೆಲೆಯಲ್ಲೇ ಇಳಿಸಿ ಅಗ್ರಿಮೆಂಟಿನಲ್ಲಿ ಬರೆಸಿ ಎಂದು ಕೇಳಿ. ಕಟ್ಟಡ ಏಳುತ್ತಿರುವ ಫ್ಲ್ಯಾಟಿಗೆ ನೀವು ಕಟ್ಟುವ ಜಿಎಸ್‌ಟಿ ಲೆಕ್ಕವಾಗುವುದು ಅಗ್ರಿಮೆಂಟಿನ ಬೆಲೆಯ ಮೇಲೆ, ಮುಂದೆ ಮುದ್ರಾಂಕ ಶುಲ್ಕಕ್ಕೂ ಆ ಬೆಲೆಯನ್ನೇ ನೋಡುತ್ತಾರೆ. ನಗದು ಪಡೆದವರು ತಾವು ಕೊಡದ ಹಣದ ಮೇಲೆ ತೆರಿಗೆ ಕಟ್ಟಿದ ಹಾಗಾಗುತ್ತದೆ, ಜೊತೆಗೆ ಆ ನಗದಿಗೆ ಯಾವ ದಾಖಲೆಯೂ ಇರುವುದಿಲ್ಲ.

ಇನ್ನು ಡೀಲು ಯಾವ ದಿನ ಲೆಕ್ಕಕ್ಕೆ ಬರುತ್ತದೆ ಎಂಬ ಪ್ರಶ್ನೆ. ಟೋಕನ್ ಕೊಟ್ಟ ದಿನವೇ, ಗಿರಾಕಿ ಶೇ 10 ಕಟ್ಟಿದ ದಿನವೇ, ಅಥವಾ ಅಗ್ರಿಮೆಂಟ್ ರಿಜಿಸ್ಟರ್ ಆದ ದಿನವೇ? ರೇರಾದ 13ನೇ ಸೆಕ್ಷನ್ ಪ್ರಕಾರ ಅಗ್ರಿಮೆಂಟ್ ಮಾಡಿ ರಿಜಿಸ್ಟರ್ ಮಾಡಿಸದೆ ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಹೀಗಾಗಿ ಬಿಲ್ಡರ್ ಮಟ್ಟಿಗೆ ಡೀಲು ಗಟ್ಟಿಯಾಗುವುದು ಅಗ್ರಿಮೆಂಟ್ ಆದಾಗಲೇ, ಕಮಿಷನ್ ಬಿಡುಗಡೆಗೂ ಹಲವರು ಅದನ್ನೇ ಕಾಯುತ್ತಾರೆ. ಏಜೆಂಟ್ ಎಣಿಸುವುದು ಟೋಕನ್ ದಿನದಿಂದ. ನಮ್ಮ ಆರನೆಯ ಫ್ಲ್ಯಾಟಿನ ಟೋಕನ್ ಮಾರ್ಚ್ 28ಕ್ಕೆ ಬಂದು, ಗಿರಾಕಿಯ ಬ್ಯಾಂಕ್ ಸಾಲ ತಡವಾಗಿ ಅಗ್ರಿಮೆಂಟ್ ಏಪ್ರಿಲ್‌ಗೆ ಹೋಯಿತು ಎಂದುಕೊಳ್ಳಿ. ಅದು ಮುಂದಿನ ಅವಧಿಗೆ ಜಾರಿ ಅಲ್ಲಿ ಮೊದಲ ಫ್ಲ್ಯಾಟಾಗಿ ಶೇ 2ರ ದರ ಪಡೆಯುತ್ತದೆ. ಮೊದಲನೆಯ ರೀತಿಯಲ್ಲಿ ಇದರಿಂದ ಆಗುವ ನಷ್ಟ 65 ಸಾವಿರ. ಎರಡನೆಯ ರೀತಿಯಲ್ಲಿ 3.65 ಲಕ್ಷ, ಏಕೆಂದರೆ ಹಿಂದಿನ ಐದೂ ಫ್ಲ್ಯಾಟುಗಳು ಶೇ 3 ಕಳೆದುಕೊಳ್ಳುತ್ತವೆ.

ಇದಕ್ಕಿಂತ ನೋವಿನದು ಕ್ಯಾನ್ಸಲ್ ಆಗುವ ಬುಕಿಂಗ್. ಎರಡನೆಯದಾಗಿ ಮಾರಿದ 1.10 ಕೋಟಿಯ ಫ್ಲ್ಯಾಟಿನ ಗಿರಾಕಿಗೆ ಸಾಲ ಸಿಗಲಿಲ್ಲ, ಅವನು ಹಿಂದೆ ಸರಿದ. ಮೊದಲನೆಯ ರೀತಿಯಲ್ಲಿ ಆ ಫ್ಲ್ಯಾಟಿಗೆ ಏಜೆಂಟ್ ಪಡೆದದ್ದು ಶೇ 2ರಂತೆ 2.20 ಲಕ್ಷ. ಅಷ್ಟನ್ನು ವಾಪಸ್ ಕೊಟ್ಟರೆ ಮುಗಿಯಿತು ಎಂದು ಅವನು ಭಾವಿಸುತ್ತಾನೆ, ಆದರೆ ಬಿಲ್ಡರ್ ಕೇಳುವುದು 2.95 ಲಕ್ಷ. ಒಟ್ಟು ಮಾರಾಟ 5.30 ಕೋಟಿಗೆ ಇಳಿದಾಗ ಸಿಗಬೇಕಾದ ಕಮಿಷನ್ 11.75 ಲಕ್ಷ, ಆಗಲೇ ಕೊಟ್ಟದ್ದು 14.70 ಲಕ್ಷ. ಕೆಳಗಿನ ಹಂತದಲ್ಲಿ ಮಾರಿದ ಫ್ಲ್ಯಾಟು ಹೋದರೂ ಒಟ್ಟು ಮೊತ್ತ ಕರಗುವುದು ಮೇಲಿನ ಹಂತದಿಂದ. ಬಿಲ್ಡರ್‌ನ ಈ ಲೆಕ್ಕದಲ್ಲಿ ತಪ್ಪಿಲ್ಲ. ಎರಡನೆಯ ರೀತಿಯಲ್ಲಾದರೆ ದರ ಎಲ್ಲ ಫ್ಲ್ಯಾಟುಗಳಿಗೂ ಶೇ 2.5ಕ್ಕೆ ಇಳಿದು 13.25 ಲಕ್ಷವಾಗುತ್ತದೆ, 19.20 ಲಕ್ಷ ಪಡೆದವನು 5.95 ಲಕ್ಷ ಹಿಂದಿರುಗಿಸಬೇಕು. ಮಗಳ ಕಾಲೇಜು ಫೀಸಿಗೋ ಮನೆಯ ಸಾಲಕ್ಕೋ ಆ ಹಣ ಹೋಗಿರುತ್ತದೆ. ಮುಂದಿನ ಡೀಲುಗಳ ಕಮಿಷನ್ನಿನಲ್ಲಿ ಬಿಲ್ಡರ್ ಅದನ್ನು ಹಿಡಿದುಕೊಳ್ಳುತ್ತಾನೆ, ತಿಂಗಳುಗಟ್ಟಲೆ ಕೈಗೆ ಏನೂ ಬರುವುದಿಲ್ಲ. ಅಗ್ರಿಮೆಂಟ್ ರಿಜಿಸ್ಟರ್ ಆದ ಮೇಲಿನ ಕ್ಯಾನ್ಸಲೇಶನ್ನಿಗೆ ಏಜೆಂಟ್ ಎಷ್ಟು ದಿನಗಳವರೆಗೆ ಹೊಣೆ ಎಂಬ ಒಂದು ಗಡಿಯನ್ನು ಹಾಕಿಸಿಕೊಳ್ಳುವುದು ಅವನ ಹಕ್ಕು ಎಂದೇ ನಾನು ಹೇಳುತ್ತೇನೆ. ಸಾಲ ಸಿಗದಿರುವುದಕ್ಕೂ ಕಟ್ಟಡ ತಡವಾಗಿ ಗಿರಾಕಿ ಬೇಸತ್ತು ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ. ಎರಡನೆಯದಕ್ಕೆ ಏಜೆಂಟ್ ಯಾಕೆ ಹಣ ಕಟ್ಟಬೇಕು?

ಇಷ್ಟೆಲ್ಲ ಆದ ಮೇಲೂ ಶೇ 2 ಅಂದರೆ ಯಾವುದರ ಶೇ 2 ಎಂಬುದು ಉಳಿಯುತ್ತದೆ. ಗಿರಾಕಿ ಕೊಡುವ ಹಣದಲ್ಲಿ ಮೂಲ ಬೆಲೆಯ ಜೊತೆ ಕಾರ್ ಪಾರ್ಕಿಂಗ್, ಮೇಲಿನ ಮಹಡಿಯ ಹೆಚ್ಚುವರಿ ದರ, ಕ್ಲಬ್‌ಹೌಸ್, ನಿರ್ವಹಣೆಯ ಠೇವಣಿ, ಜಿಎಸ್‌ಟಿ ಎಲ್ಲ ಸೇರಿರುತ್ತದೆ. ತೆರಿಗೆ, ಠೇವಣಿಗಳ ಮೇಲೆ ಕಮಿಷನ್ ಕೇಳುವವರು ಕಡಿಮೆ. ಪಾರ್ಕಿಂಗ್ ಮತ್ತು ಮಹಡಿ ದರದ ಮೇಲೆ ಕೊಡುವ ಬಿಲ್ಡರೂ ಇದ್ದಾರೆ, ಕೊಡದವರೂ ಇದ್ದಾರೆ. ಕೊಡದಿದ್ದರೆ ಕಮಿಷನ್ ಕಡಿಮೆಯಾಗುವುದರ ಜೊತೆಗೆ ಸ್ಲ್ಯಾಬಿನ ಗಡಿಯೂ ದೂರವಾಗುತ್ತದೆ. 6.40 ಕೋಟಿಯ ಮಾರಾಟದಲ್ಲಿ ಮೂಲ ಬೆಲೆ 5.80 ಕೋಟಿ ಮಾತ್ರ ಎಂದಾದರೆ ಶೇ 3ರ ಹಂತವನ್ನು ಏಜೆಂಟ್ ಮುಟ್ಟಿಯೇ ಇಲ್ಲ.

ಜಿಎಸ್‌ಟಿಯದು ಇನ್ನೊಂದು ತೊಡಕು. ವರ್ಷಕ್ಕೆ 20 ಲಕ್ಷ ರೂಪಾಯಿ ಮೀರಿ ಕಮಿಷನ್ ಗಳಿಸುವ ಏಜೆಂಟ್ ಜಿಎಸ್‌ಟಿ ನೋಂದಣಿ ಮಾಡಿಸಬೇಕು, ಬಿಲ್ಲಿನಲ್ಲಿ ಶೇ 18 ಹಾಕಬೇಕು. 14.70 ಲಕ್ಷಕ್ಕೆ ಅದು 2,64,600 ರೂಪಾಯಿ. ಬಿಲ್ಡರ್ ಅದನ್ನು ಕಮಿಷನ್ನಿನ ಮೇಲೆ ಸೇರಿಸಿ ಕೊಟ್ಟರೆ ಏಜೆಂಟ್ ಸರ್ಕಾರಕ್ಕೆ ಕಟ್ಟುತ್ತಾನೆ, ಅವನ ಗಳಿಕೆಗೆ ಪೆಟ್ಟಿಲ್ಲ. ಆದರೆ ಬಿಲ್ಡರ್ ಹಿಂಜರಿಯಲು ಕಾರಣ ಇದೆ. ಸಾಮಾನ್ಯ ಫ್ಲ್ಯಾಟುಗಳ ಮೇಲಿನ ಶೇ 5ರ ಜಿಎಸ್‌ಟಿ ಪದ್ಧತಿಯಲ್ಲಿ ತಾನು ಕಟ್ಟಿದ ತೆರಿಗೆಯನ್ನು ಅವನು ವಜಾ ಮಾಡಿಕೊಳ್ಳುವಂತಿಲ್ಲ. ಹಾಗಾಗಿ ಏಜೆಂಟನ ಬಿಲ್ಲಿನ ಆ ಶೇ 18 ಅವನಿಗೆ ಪೂರ್ತಿ ಖರ್ಚು. ಅದಕ್ಕೇ ಕೆಲವು ಒಪ್ಪಂದಗಳಲ್ಲಿ ಕಮಿಷನ್ ‘ಜಿಎಸ್‌ಟಿ ಸೇರಿ’ ಎಂಬ ಸಣ್ಣ ಮಾತು ಇರುತ್ತದೆ. ಆಗ ಅದೇ 14.70 ಲಕ್ಷದೊಳಗಿಂದಲೇ 2,24,237 ರೂಪಾಯಿ ತೆರಿಗೆಗೆ ಹೋಗುತ್ತದೆ. ಒಂದೇ ಮಾತಿನಿಂದ ಸರಾಸರಿ ದರ ಶೇ 2.3ರಿಂದ ಶೇ 2ರ ಕೆಳಗೆ ಇಳಿಯುತ್ತದೆ. ಬಿಲ್ಡರ್ ಹಿಡಿಯುವ ಟಿಡಿಎಸ್‌ಗೆ ಇಷ್ಟು ಹೆದರಬೇಕಾಗಿಲ್ಲ. ಅದು 2024ರ ಅಕ್ಟೋಬರ್ 1ರಿಂದ ಶೇ 5ರ ಬದಲು ಶೇ 2 ಆಗಿದೆ, ಆದಾಯ ತೆರಿಗೆಯ ಲೆಕ್ಕದಲ್ಲಿ ಜಮೆಯೂ ಆಗುತ್ತದೆ. ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಬೇರೆ ಸಾಲಿನಲ್ಲಿ ತೋರಿಸಿದರೆ ಟಿಡಿಎಸ್ ಕಮಿಷನ್ನಿನ ಮೇಲೆ ಮಾತ್ರ ಬೀಳುತ್ತದೆ.

ಒಂದು ಡೀಲಿನಲ್ಲಿ ಇಬ್ಬರು ಏಜೆಂಟರು ಪಾಲುದಾರರಾದಾಗಲೂ ಇದೇ ಸ್ಲ್ಯಾಬು ಜಗಳ ತರುತ್ತದೆ. ಆರನೆಯ ಫ್ಲ್ಯಾಟಿನ ಗಿರಾಕಿಯನ್ನು ಗೆಳೆಯ ಕರೆತಂದಿದ್ದ, ಅರ್ಧರ್ಧ ಎಂದು ಮಾತಾಗಿತ್ತು. ಮೊದಲನೆಯ ರೀತಿಯ ಲೆಕ್ಕದಲ್ಲಿ ಅರ್ಧ ಎಂದರೆ ಆ ಫ್ಲ್ಯಾಟು ಬಿದ್ದ ಹಂತದ 2.45 ಲಕ್ಷದಲ್ಲಿ ಅರ್ಧವೇ, ಇಡೀ ಅವಧಿಯ ಸರಾಸರಿ ದರದ ಸುಮಾರು 2.07 ಲಕ್ಷದಲ್ಲಿ ಅರ್ಧವೇ? ಎರಡಕ್ಕೂ ನ್ಯಾಯದ ವಾದ ಇದೆ. ಗಡಿ ದಾಟಲು ಹಿಂದಿನ ಐದು ಫ್ಲ್ಯಾಟು ಮಾರಿದ್ದು ನಾನು ಎಂದು ಒಬ್ಬ, ಈ ಗಿರಾಕಿ ಇಲ್ಲದಿದ್ದರೆ ಗಡಿ ದಾಟುತ್ತಲೇ ಇರಲಿಲ್ಲ ಎಂದು ಇನ್ನೊಬ್ಬ. ಸಣ್ಣ ಏಜೆಂಟರು ದೊಡ್ಡ ಏಜೆನ್ಸಿಯ ಹೆಸರಿನಲ್ಲಿ ಡೀಲು ಮಾಡುವುದೂ ಇದೇ ಕಾರಣಕ್ಕೆ. ಎಲ್ಲರ ಮಾರಾಟ ಕೂಡಿ ಏಜೆನ್ಸಿ ಮೇಲಿನ ಹಂತ ಮುಟ್ಟುತ್ತದೆ, ಸಣ್ಣವನಿಗೆ ಕೆಳಗಿನ ದರ ಕೊಟ್ಟು ನಡುವಿನದ್ದನ್ನು ತಾನು ಇಟ್ಟುಕೊಳ್ಳುತ್ತದೆ. ಹೀಗೆ ದುಡಿಯುವವರಲ್ಲಿ ರೇರಾ ನೋಂದಣಿ ಇಲ್ಲದವರೂ ಇದ್ದಾರೆ. ಅವರು ತಿಳಿದಿರಬೇಕಾದದ್ದು, ನೋಂದಣಿ ಇಲ್ಲದೆ ರೇರಾ ಪ್ರಾಜೆಕ್ಟ್ ಮಾರಿದರೆ ಕಾಯ್ದೆಯಲ್ಲಿ ದಂಡ ದಿನಕ್ಕೆ 10 ಸಾವಿರ ರೂಪಾಯಿ, ಮಾರಿದ ಫ್ಲ್ಯಾಟಿನ ಬೆಲೆಯ ಶೇ 5ರವರೆಗೂ ಏರಬಹುದು. ಯಾವ ಸ್ಲ್ಯಾಬಿನ ಗಳಿಕೆಯೂ ಅದಕ್ಕೆ ಸಾಲದು.

ಈ ಕೆಲಸ ಮಾಡುವವರಲ್ಲಿ ನನ್ನ ಕೇಳಿಕೆ ಒಂದೇ. ಬಿಲ್ಡರ್ ಕಳಿಸಿದ ಪೋಸ್ಟರಿಗೆ ‘ಓಕೆ ಸಾರ್’ ಎಂದು ಉತ್ತರಿಸುವ ಮುನ್ನ ನಾಲ್ಕೈದು ಫ್ಲ್ಯಾಟುಗಳ ಕಾಲ್ಪನಿಕ ಬೆಲೆ ಹಾಕಿ ಇಲ್ಲಿ ಮಾಡಿದಂತೆ ಒಂದು ಲೆಕ್ಕ ಮಾಡಿ. ಗಡಿ ದಾಟುವ ಒಂದು ಡೀಲು, ಕ್ಯಾನ್ಸಲ್ ಆಗುವ ಒಂದು ಡೀಲು, ತಿಂಗಳ ಕೊನೆಗೆ ಟೋಕನ್ ಬಂದು ಮುಂದಿನ ತಿಂಗಳು ಅಗ್ರಿಮೆಂಟ್ ಆಗುವ ಒಂದು ಡೀಲು ಅದರಲ್ಲಿರಲಿ, ಜಿಎಸ್‌ಟಿ ಬೇರೆ ಸಾಲಿನಲ್ಲಿರಲಿ. ‘ಈ ಮಾರಾಟಕ್ಕೆ ನನಗೆ ಬರುವುದು ಇಷ್ಟು, ಹೌದೇ?’ ಎಂದು ಬಿಲ್ಡರ್ ಆಫೀಸಿಗೆ ಇಮೇಲ್ ಮಾಡಿ, ಉತ್ತರ ತರಿಸಿಕೊಳ್ಳಿ, ಆ ಲೆಕ್ಕವನ್ನೇ ಒಪ್ಪಂದಕ್ಕೆ ಲಗತ್ತಿಸಿ ಇಬ್ಬರೂ ಸಹಿ ಹಾಕಿ. ಲೆಕ್ಕಕ್ಕೆ ಸಹಿ ಹಾಕಲು ಒಪ್ಪದ ಬಿಲ್ಡರ್‌ಗೆ ಮೊದಲ ಫ್ಲ್ಯಾಟು ಮಾರಿಕೊಡಲು ಹೋಗಬೇಡಿ.